ಹುಣಸೆ ಎಷ್ಟು, ನೀರು ಎಷ್ಟು?

ಪ್ರಶ್ನೆ: ನಾನು ಶಿವಮೊಗ್ಗದ ಗೃಹಿಣಿ. ಯೂಟ್ಯೂಬಿನಲ್ಲಿ ಒಂದು ಚಿಕ್ಕ ಅಡುಗೆ ಚಾನೆಲ್ ನಡೆಸುತ್ತಿದ್ದೇನೆ. ಅಮ್ಮ, ಅತ್ತೆ ಮಾಡುತ್ತಿದ್ದ ಅಡುಗೆಗಳನ್ನೇ ಮಾಡಿ ತೋರಿಸುತ್ತೇನೆ. ವಿಡಿಯೊದಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಿರುತ್ತೇನೆ. ಆದರೂ "ಅಕ್ಕಾ, ಬೇಳೆ ಎಷ್ಟು? ಹುಣಸೆ ಎಷ್ಟು?" ಎಂದು ಜನ ಕೇಳುವುದು ನಿಂತಿಲ್ಲ. ಹೋದ ತಿಂಗಳು ಹಾಕಿದ ಬಿಸಿಬೇಳೆಬಾತ್ ನೋಡಿ ದುಬೈಯಲ್ಲಿರುವ ಹುಡುಗಿಯೊಬ್ಬಳು ಮಾಡಿದಳಂತೆ. "ನೀವು ಹೇಳಿದ ಹಾಗೇ ಮಾಡಿದೆ ಆಂಟಿ, ಅನ್ನವೆಲ್ಲ ನೀರುನೀರು, ಬೇಳೆ ಮಾತ್ರ ಕಾಳುಕಾಳು" ಎಂದು ಬರೆದಳು. ವಿಚಾರಿಸಿದರೆ ಅವಳದು ಕರೆಂಟಿನ ಪ್ರೆಷರ್ ಕುಕ್ಕರ್. ಅಕ್ಕಿ, ಬೇಳೆಯನ್ನು ಅದರ ಜೊತೆ ಬಂದ ಬಟ್ಟಲಲ್ಲಿ ಅಳೆದಿದ್ದಾಳೆ, ನೀರನ್ನು ಅಳತೆ ಜಗ್ಗಿನಲ್ಲಿ ಹಾಕಿದ್ದಾಳೆ. ಹುಣಸೆರಸವನ್ನೂ ಸೇರಿಸಿ ಎಲ್ಲವನ್ನೂ ಒಟ್ಟಿಗೇ ಬೇಯಲು ಇಟ್ಟಿದ್ದಾಳೆ. ನಾನು ನಾಲ್ಕು ವಿಶಲ್ ಎಂದಿದ್ದೆ. ಅವಳ ಕುಕ್ಕರ್ ಕೂಗುವುದೇ ಇಲ್ಲವಂತೆ!

ಡಿಸ್ಕ್ರಿಪ್ಷನ್‌ನಲ್ಲಿ ಸರಿಯಾಗಿ ಬರೆದು ಹಾಕು ಎನ್ನುತ್ತಾರೆ ನಮ್ಮ ಮನೆಯವರು. ಎಲ್ಲ ಬರೆದುಬಿಟ್ಟರೆ ವಿಡಿಯೊ ಯಾರು ನೋಡ್ತಾರೆ ಎನ್ನುತ್ತಾಳೆ ಮಗಳು. ನನಗೂ ಅದೇ ಭಯ. ಅದೂ ಅಲ್ಲದೆ ನನ್ನದೆಲ್ಲ ಕೈಯಳತೆ, ಕಣ್ಣಳತೆ. ಅದನ್ನು ಅಂಕಿಯಲ್ಲಿ ಬರೆಯುವುದು ಹೇಗೆ? ಈಗ ಹಾಕಿರುವುದನ್ನು ಕೆಳಗೆ ಕೊಟ್ಟಿದ್ದೇನೆ. ದಯವಿಟ್ಟು ತಿದ್ದಿಕೊಡಿ.

"ಎಲ್ಲರಿಗೂ ನಮಸ್ಕಾರ, ನಮ್ಮ ಚಾನೆಲ್‌ಗೆ ಸ್ವಾಗತ. ಇವತ್ತಿನ ವಿಡಿಯೊದಲ್ಲಿ ರುಚಿರುಚಿಯಾದ ಬಿಸಿಬೇಳೆಬಾತ್ ಮಾಡುವುದು ಹೇಗೆ ಎಂದು ನೋಡೋಣ. ಬೇಕಾಗುವ ಸಾಮಗ್ರಿ: ಉಪ್ಪು, ಎಣ್ಣೆ, ತುಪ್ಪ, ಅಕ್ಕಿ, ತೊಗರಿಬೇಳೆ, ತರಕಾರಿ, ಹುಣಸೆಹಣ್ಣು ನಿಂಬೆಗಾತ್ರ, ಮಸಾಲೆ ಸಾಮಾನು, ಒಗ್ಗರಣೆ ಸಾಮಾನು. ವಿಡಿಯೊ ಪೂರ್ತಿ ನೋಡಿ, ಲೈಕ್ ಮಾಡಿ, ಶೇರ್ ಮಾಡಿ, ಸಬ್‌ಸ್ಕ್ರೈಬ್ ಆಗಿ."

ಉತ್ತರ: ದುಬೈ ಹುಡುಗಿಯಿಂದಲೇ ಶುರು ಮಾಡೋಣ. ನಿಮ್ಮ ಬರಹದಲ್ಲಿ ಏನೇನು ಇಲ್ಲ ಎಂಬುದನ್ನು ಅವಳ ಪಾತ್ರೆಯೇ ತೋರಿಸಿಕೊಟ್ಟಿದೆ.

ಮೊದಲು ನೀರಿನ ವಿಷಯ. ಕರೆಂಟ್ ಕುಕ್ಕರುಗಳ ಜೊತೆ ಬರುವ ಅಕ್ಕಿ ಬಟ್ಟಲು ಸಾಮಾನ್ಯವಾಗಿ 180 ಮಿಲಿಲೀಟರಿನದು. ಅಂಗಡಿಯಲ್ಲಿ ಸಿಗುವ ಅಳತೆ ಬಟ್ಟಲು 240 ಅಥವಾ 250. ನಿಮ್ಮ ವಿಡಿಯೊದಲ್ಲಿ ಒಂದು ಬಟ್ಟಲು ಅಕ್ಕಿ, ಮುಕ್ಕಾಲು ಬಟ್ಟಲು ಬೇಳೆ, ಐದು ಬಟ್ಟಲು ನೀರು ಎಂದಿದ್ದೀರಿ. ನಿಮ್ಮ ಬಟ್ಟಲು 240ರದ್ದಾದರೆ ಅಕ್ಕಿ, ಬೇಳೆ ಸೇರಿ 420 ಮಿಲಿಲೀಟರ್, ನೀರು 1200. ಅವಳು ಹಾಕಿದ ನೀರೂ 1200, ಆದರೆ ಅವಳ ಅಕ್ಕಿ, ಬೇಳೆ ಬರೀ 315. ನಿಮ್ಮಲ್ಲಿ ಒಂದು ಅಳತೆ ಧಾನ್ಯಕ್ಕೆ ಮೂರಕ್ಕಿಂತ ತುಸು ಕಡಿಮೆ ನೀರು ಬಿದ್ದರೆ ಅವಳಲ್ಲಿ ಹೆಚ್ಚುಕಡಿಮೆ ನಾಲ್ಕು ಅಳತೆ ಬಿದ್ದಿದೆ. ಹುಣಸೆರಸದ ನೀರು ಬೇರೆ. ಕರೆಂಟ್ ಕುಕ್ಕರಿನ ಮುಚ್ಚಳ ಬಿಗಿಯಾದ ಮೇಲೆ ಉಗಿ ಹೊರಗೆ ಹೋಗುವುದೂ ಇಲ್ಲ. ಕೂಗುವ ಕುಕ್ಕರಿನಲ್ಲಾದರೆ ಪ್ರತಿ ಕೂಗಿಗೂ ಅಷ್ಟಿಷ್ಟು ನೀರು ಆವಿಯಾಗುತ್ತದೆ. ಅನ್ನ ನೀರಾಗದೆ ಇನ್ನೇನಾದೀತು?

ಇನ್ನು ಬೇಳೆ. ಹುಳಿ ಬಿದ್ದ ನೀರಿನಲ್ಲಿ ಬೇಳೆ ಬೇಗ ಮೆತ್ತಗಾಗುವುದಿಲ್ಲ. ಬೇಳೆ, ತರಕಾರಿಗಳ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಹುಳಿಯಲ್ಲಿ ಸಡಿಲಗೊಳ್ಳುವುದು ತಡ. ಬೇಳೆ ಬೆಂದ ಮೇಲೆ ಹುಣಸೆ ಎಂಬುದು ನಿಮಗೆ ಹೇಳಿಕೊಡಬೇಕಾದ ಪಾಠವಲ್ಲ, ಕೈಗೇ ಗೊತ್ತು. ಅದಕ್ಕೇ ವಿಡಿಯೊದಲ್ಲೂ ಒತ್ತಿ ಹೇಳಿಲ್ಲ, ಬರಹದಲ್ಲೂ ಇಲ್ಲ. ಅವಳು ಎಲ್ಲವನ್ನೂ ಒಂದೇ ಸಲ ಹಾಕಿ ಗುಂಡಿ ಒತ್ತಿದಳು. ಒಂದೇ ಪಾತ್ರೆಯಲ್ಲಿ ಎಲ್ಲ ಆಗಿಹೋಗುತ್ತದೆ ಎಂದೇ ಅಲ್ಲವೆ ಅಂಥ ಕುಕ್ಕರ್ ಕೊಳ್ಳುವುದು.

ಅವಳಿಗೆ ಬೇಕಾಗಿದ್ದದ್ದು ಮೂರೇ ಸಂಗತಿ. ಬಟ್ಟಲು ಎಷ್ಟರದ್ದು, ವಿಶಲ್ ಎಂದರೆ ಎಷ್ಟು ನಿಮಿಷ, ಹುಣಸೆ ಯಾವಾಗ. ಒಳ್ಳೆಯ ಡಿಸ್ಕ್ರಿಪ್ಷನ್ ಉತ್ತರ ಕೊಡಬೇಕಾದದ್ದು ಇಂಥ ಪ್ರಶ್ನೆಗಳಿಗೆ. ಅದನ್ನು ಓದುವವರು ಯಾರು ಎಂದು ಯೋಚಿಸಿ. ವಿಡಿಯೊವನ್ನು ಒಮ್ಮೆ ನೋಡಿದವರು, ಈಗ ಒಲೆಯ ಮುಂದೆ ನಿಂತವರು, ಒದ್ದೆ ಕೈಯಲ್ಲಿ ಫೋನನ್ನು ಒಂದು ಬೆರಳಿನಿಂದ ಸರಿಸುವವರು. ನೀವು ನೀರಿನ ಅಳತೆ ಹೇಳಿದ್ದು ಎಷ್ಟನೇ ನಿಮಿಷದಲ್ಲಿ ಎಂದು ಹುಡುಕಲು ಅವರಿಗೆ ಬಿಡುವಿಲ್ಲ. "ಎಲ್ಲರಿಗೂ ನಮಸ್ಕಾರ"ದಿಂದಲೂ ಅವರಿಗೆ ಉಪಯೋಗವಿಲ್ಲ.

ಆ ನಮಸ್ಕಾರದಿಂದ ಇನ್ನೊಂದು ನಷ್ಟವಿದೆ. ಡಿಸ್ಕ್ರಿಪ್ಷನ್ ಪೂರ್ತಿ ತೆರೆಯುವ ಮೊದಲು ಕಣ್ಣಿಗೆ ಬೀಳುವುದು ಮೊದಲ ಒಂದೆರಡು ಸಾಲು ಮಾತ್ರ. ಆ ಜಾಗವನ್ನು ಸ್ವಾಗತ ಭಾಷಣಕ್ಕೆ ಕೊಟ್ಟುಬಿಟ್ಟಿದ್ದೀರಿ. ಅಡುಗೆಯ ಹೆಸರು, ಎಷ್ಟು ಜನಕ್ಕೆ, ಎಷ್ಟು ಹೊತ್ತು, ಈ ಮೂರನ್ನು ಅಲ್ಲಿಡಿ. ಹೊತ್ತನ್ನು ಎರಡಾಗಿ ಒಡೆದು ಹೇಳಿ: ನಾವು ಒಲೆಯ ಹತ್ತಿರ ಇರಲೇಬೇಕಾದ ಹೊತ್ತು, ಮತ್ತು ನೆನೆಯುವುದು, ಪ್ರೆಷರ್ ಇಳಿಯುವುದು ಎಲ್ಲ ಸೇರಿ ಒಟ್ಟು ಹೊತ್ತು. ಬೆಳಿಗ್ಗೆ ಡಬ್ಬಿ ಕಟ್ಟುವವರಿಗೆ ಮೊದಲಿನದು ಮುಖ್ಯ, ಸಂಜೆ ನೆಂಟರು ಬರುತ್ತಾರೆ ಎನ್ನುವವರಿಗೆ ಎರಡನೆಯದು. ಲೈಕು, ಶೇರುಗಳ ಸಾಲನ್ನು ಕೊನೆಗೆ ತಳ್ಳಿ.

ಕೈಯಳತೆಯನ್ನು ಅಂಕಿಗೆ ಇಳಿಸುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಅಡುಗೆ ಮಾಡುವ ರೀತಿಯನ್ನೇನೂ ಬದಲಿಸಬೇಕಿಲ್ಲ. ಗ್ರಾಂ ತೋರಿಸುವ ಒಂದು ಚಿಕ್ಕ ಅಡುಗೆಮನೆ ತಕ್ಕಡಿ ಸಾಕು. ಒಲೆ ಹಚ್ಚುವ ಮೊದಲು ಉಪ್ಪಿನ ಡಬ್ಬಿ, ಹುಣಸೆ ಡಬ್ಬಿ, ಬೆಲ್ಲದ ಡಬ್ಬಿ, ತುಪ್ಪದ ಭರಣಿ ಒಂದೊಂದನ್ನೂ ತೂಗಿ ಬರೆದಿಡಿ. ಆಮೇಲೆ ಎಂದಿನಂತೆ ಕೈಯಿಂದ ತೆಗೆದು ಹಾಕುತ್ತ ಅಡುಗೆ ಮುಗಿಸಿ. ಕೊನೆಗೆ ಅದೇ ಡಬ್ಬಿಗಳನ್ನು ಮತ್ತೆ ತೂಗಿದರೆ ಕಡಿಮೆಯಾದಷ್ಟೇ ನಿಮ್ಮ ಕೈಯಳತೆ. ನೀರಿಗೂ ಹೀಗೇ ಮಾಡಿ. ಎರಡು ಲೀಟರ್ ಅಳೆದು ಒಂದು ಪಾತ್ರೆಯಲ್ಲಿಟ್ಟುಕೊಂಡು ಬೇಕಾದಾಗೆಲ್ಲ ಅದರಿಂದಲೇ ಎತ್ತಿ ಹಾಕಿ, ಕೊನೆಗೆ ಉಳಿದದ್ದನ್ನು ಅಳೆಯಿರಿ. ಈ ಲೆಕ್ಕ ಹಿಡಿಯುವ ದಿನ ಕ್ಯಾಮೆರಾ ಬೇಡ. ಎರಡೂ ಕಡೆ ಗಮನ ಇಟ್ಟರೆ ಯಾವುದಾದರೊಂದು ಕೆಡುತ್ತದೆ.

ಇಷ್ಟಾದರೂ ಎಲ್ಲಕ್ಕೂ ಗ್ರಾಂ ಬರೆಯಬೇಕಿಲ್ಲ. ಸಾಸಿವೆ ಒಂದು ಚಮಚ ಎಂದರೆ ಸಾಕು, ಎರಡಾದರೂ ಅಡುಗೆ ಕೆಡದು. ಅಕ್ಕಿ, ಬೇಳೆ, ಹುಣಸೆ ಈ ಮೂರಕ್ಕೆ ಗ್ರಾಂ ಕೊಡಿ. ನೀರಿಗೆ, ಬಟ್ಟಲು ಎಷ್ಟು ಮಿಲಿಲೀಟರಿನದು ಎಂದು ಒಂದೇ ಸಲ ಮೇಲೆ ಹೇಳಿದರೆ ಆಯಿತು. ಲೋಟ, ಪಾವು ಎಂದೆಲ್ಲ ಬರೆಯುವ ಆಸೆ ನನಗೂ ಉಂಟು, ಆದರೆ ಒಂದು ಮನೆಯ ಪಾವು ಇನ್ನೊಂದು ಮನೆಯ ಪಾವಿಗೆ ಸರಿಹೊಂದುವುದು ಅಪರೂಪ. "ನಿಂಬೆಗಾತ್ರದ ಹುಣಸೆ" ಎಂಬ ಅಳತೆಯ ಮೇಲಂತೂ ನನಗೆ ಹಳೆಯ ಸಿಟ್ಟಿದೆ. ಯಾವ ನಿಂಬೆ? ಒತ್ತಿ ಉಂಡೆ ಕಟ್ಟಿದ್ದೋ ಸಡಿಲವಾಗಿ ಹಿಡಿದದ್ದೋ? ಬೀಜ ಇದ್ದದ್ದೋ ಇಲ್ಲದ್ದೋ? ತೂಕ ಬರೆದರೂ ಹೊಸ ಹುಣಸೆಗೂ ಹಳೆ ಹುಣಸೆಗೂ ಹುಳಿ ಬೇರೆ. ಹಾಗಾಗಿ ವಿಧಾನದಲ್ಲಿ "ಮೊದಲು ಮುಕ್ಕಾಲು ಪಾಲು ರಸ ಹಾಕಿ, ಉಳಿದದ್ದನ್ನು ರುಚಿ ನೋಡಿಕೊಂಡು" ಎಂದು ಸೇರಿಸಿ. ಉಪ್ಪಿಗೂ ಒಂದು ಅಂಕಿ ಕೊಡಲೇಬೇಕು. ರುಚಿಗೆ ತಕ್ಕಷ್ಟು ಎಂಬ ಮಾತು ರುಚಿ ಗೊತ್ತಿದ್ದವರಿಗೆ. ಮೊದಲ ಸಲ ಮಾಡುವವಳಿಗೆ ಶುರು ಮಾಡಲು ಒಂದು ಅಳತೆ ಬೇಕು.

ಒಂದು ಸೂಕ್ಷ್ಮವಿದೆ. "ಹೆಚ್ಚಿದ ತರಕಾರಿ 2 ಬಟ್ಟಲು" ಎಂದರೆ ಹೆಚ್ಚಿದ ಮೇಲೆ ಅಳೆದದ್ದು. "ಕ್ಯಾರೆಟ್ 2, ಹೆಚ್ಚಿಕೊಳ್ಳಿ" ಎಂದರೆ ಹೆಚ್ಚುವ ಮೊದಲು ಎಣಿಸಿದ್ದು. ಕೊಬ್ಬರಿ, ಕೊತ್ತಂಬರಿ ಸೊಪ್ಪು, ಬೆಲ್ಲ, ಇವಕ್ಕೆಲ್ಲ ಈ ಗೊಂದಲ ಬರುತ್ತದೆ. ತುರಿದು ಅಳೆದಿರೋ, ಅಳೆದು ತುರಿದಿರೋ? ನೀವು ಯಾವ ಸ್ಥಿತಿಯಲ್ಲಿ ಅಳೆದಿರೋ ಆ ಸ್ಥಿತಿಯನ್ನು ಸಾಮಗ್ರಿಯ ಹೆಸರಿನ ಪಕ್ಕದಲ್ಲೇ ಬರೆಯಿರಿ. ಮೆಣಸಿನಕಾಯಿಯನ್ನು ಎಣಿಸಿ ಬರೆದರೆ ತಳಿಯ ಹೆಸರೂ ಇರಲಿ. ಎಂಟು ಬ್ಯಾಡಗಿ ಬಣ್ಣಕ್ಕೆ, ಎಂಟು ಗುಂಟೂರು ಕಣ್ಣೀರಿಗೆ.

ಸಾಮಗ್ರಿಗಳ ಸಾಲಿಗೂ ಒಂದು ಕ್ರಮ ಬೇಕು. ನಿಮ್ಮ ಪಟ್ಟಿ ಉಪ್ಪಿನಿಂದ ಶುರುವಾಗುತ್ತದೆ, ಉಪ್ಪು ಪಾತ್ರೆಗೆ ಬೀಳುವುದು ಹೆಚ್ಚುಕಡಿಮೆ ಕೊನೆಗೆ. ಯಾವುದು ಮೊದಲು ಬೇಕೋ ಅದು ಮೊದಲು ಬರಲಿ. ಬಿಸಿಬೇಳೆಬಾತಿನಂಥ ಅಡುಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಮಾನುಗಳಿರುವುದರಿಂದ ಅವನ್ನು ಕುಕ್ಕರಿಗೆ, ಪುಡಿಗೆ, ತರಕಾರಿ ಮತ್ತು ಹುಳಿಗೆ, ಒಗ್ಗರಣೆಗೆ ಎಂದು ಗುಂಪು ಮಾಡಿ. ಒಂದು ಸಾಲಿಗೆ ಒಂದೇ ಸಾಮಾನು. ಕೋಷ್ಟಕ ಮಾಡಲು ಹೋಗಬೇಡಿ. ನಡುವೆ ಖಾಲಿ ಜಾಗ ಬಿಟ್ಟು ಅಂಕಿಗಳನ್ನು ನೇರ ನಿಲ್ಲಿಸಿದರೂ ಫೋನಿನಲ್ಲಿ ಅವು ವಕ್ರವಾಗುತ್ತವೆ.

ಈಗ ವಿಶಲ್. ಕುಕ್ಕರ್ ಎಷ್ಟು ಸಲ ಕೂಗುತ್ತದೆ ಎಂಬುದು ಬೇಳೆ ಎಷ್ಟು ಬೆಂದಿದೆ ಎಂಬುದರ ಅಳತೆಯಲ್ಲ. ಉರಿ ಜೋರಿದ್ದರೆ ನಾಲ್ಕು ಕೂಗು ಐದಾರು ನಿಮಿಷದಲ್ಲೇ ಮುಗಿದೀತು, ಉರಿ ಸಣ್ಣದಿದ್ದರೆ ಹದಿನೈದು ನಿಮಿಷ ದಾಟೀತು. ಮೂರು ಲೀಟರಿನ ಕುಕ್ಕರಿಗೂ ಏಳು ಲೀಟರಿನದಕ್ಕೂ, ಒಂದು ಕಂಪನಿಯದಕ್ಕೂ ಇನ್ನೊಂದರದಕ್ಕೂ ವ್ಯತ್ಯಾಸ. ಕರೆಂಟಿನದು ಕೂಗುವುದೇ ಇಲ್ಲ. ಬೇಯಿಸುವುದು ಒತ್ತಡದಲ್ಲಿ ಕಳೆದ ಹೊತ್ತು. ಆದ್ದರಿಂದ "ಜೋರು ಉರಿಯಲ್ಲಿ ಮೊದಲ ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ, ಆರಿಸಿ, ಪ್ರೆಷರ್ ತಾನಾಗಿ ಇಳಿಯಲಿ" ಎಂದು ಬರೆಯಿರಿ. ನಿಮ್ಮ ಒಲೆಯಲ್ಲಿ ಅದು ಹತ್ತೋ ಹನ್ನೆರಡೋ ಎಂದು ಗಡಿಯಾರ ನೋಡಿಕೊಂಡೇ ಬರೆಯಿರಿ, ನನ್ನ ಅಂಕಿಯನ್ನು ಹಾಗೇ ಇಳಿಸಿಕೊಳ್ಳಬೇಡಿ. ಆವರಣದಲ್ಲಿ ನಾಲ್ಕು ಕೂಗು ಎಂದೂ ಇರಲಿ, ಅದಕ್ಕೇ ಒಗ್ಗಿದವರು ಬಹಳ ಮಂದಿ.

ಸಮಯದ ಜೊತೆ ಗುರುತೂ ಬೇಕು. ಹತ್ತು ನಿಮಿಷ ಎಂದ ಮೇಲೆ "ಬೇಳೆಯನ್ನು ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು" ಎಂಬ ಮಾತು ಸೇರದಿದ್ದರೆ, ಹಳೆಯ ಬೇಳೆ ತಂದವಳಿಗೆ ಇನ್ನೂ ಐದು ನಿಮಿಷ ಬೇಯಿಸಬೇಕು ಎಂದು ತಿಳಿಯುವುದು ಹೇಗೆ? ಹುರಿಯುವುದರಲ್ಲಂತೂ ನಿಮಿಷಕ್ಕಿಂತ ಗುರುತೇ ದೊಡ್ಡದು. ಕಡಲೆಬೇಳೆ ಕೆಂಪಗಾಗುವುದು ಬಾಣಲೆಯ ದಪ್ಪಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಬಿಸಿಬೇಳೆಬಾತಿಗೆ ಇನ್ನೂ ಒಂದು ಗುರುತನ್ನು ಬರೆಯಲೇಬೇಕು: ಇಳಿಸುವಾಗಿನ ಹದ. ಅದು ಆರುತ್ತ ಆರುತ್ತ ನೀರು ಹೀರಿ ಗಟ್ಟಿಯಾಗುವ ಅಡುಗೆ. ಒಲೆಯ ಮೇಲೇ ಬಡಿಸುವ ಹದಕ್ಕೆ ತಂದರೆ ತಟ್ಟೆಗೆ ಬರುವಷ್ಟರಲ್ಲಿ ಮುದ್ದೆ. ಸೌಟಿನಿಂದ ಸುರಿದರೆ ಧಾರೆ ಕಡಿಯದಷ್ಟು ಸಡಿಲವಿದ್ದಾಗ ಇಳಿಸಬೇಕು.

ವಿಧಾನ ಚಿಕ್ಕದಾಗಿರಲಿ. ಆರೇಳು ಹಂತ, ಒಂದೊಂದರಲ್ಲಿ ಎರಡು ಮೂರು ವಾಕ್ಯ. ಅಳತೆ ಮೇಲಿನ ಪಟ್ಟಿಯಲ್ಲಿ ಬಂದಿರುವುದರಿಂದ ಇಲ್ಲಿ ಮತ್ತೆ ಬೇಡ. ಆದರೆ ಎರಡು ಕಂತಿನಲ್ಲಿ ಬೀಳುವ ಸಾಮಾನಿಗೆ ಮಾತ್ರ ಎಷ್ಟು ಯಾವಾಗ ಎಂದು ಹೇಳಿ. ಈ ಅಡುಗೆಯಲ್ಲಿ ಅದು ನೀರು. ಹಿಂದುಮುಂದು ಮಾಡಿದರೆ ಕೆಡುವ ಹಂತ ಇದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಇಲ್ಲಿ ಅದು ಹುಣಸೆ.

ನೀವು ಕಳಿಸಿದ್ದನ್ನು ತಿದ್ದುವ ಬದಲು ಹೊಸದಾಗಿಯೇ ಬರೆದಿದ್ದೇನೆ. ವಿಡಿಯೊದಲ್ಲಿ ನೀವು ಹೇಳುವ ಅಕ್ಕಿ, ಬೇಳೆ, ನೀರಿನ ಅಳತೆಯನ್ನು ಹಾಗೇ ಇಟ್ಟುಕೊಂಡಿದ್ದೇನೆ. ಉಳಿದ ಅಂಕಿಗಳು ನಮ್ಮ ಮನೆಯವು, ನಿಮ್ಮ ತಕ್ಕಡಿ ಬೇರೆ ಹೇಳಿದರೆ ನಿಮ್ಮದೇ ಸರಿ.

ಬಿಸಿಬೇಳೆಬಾತ್, ಮನೆಯಲ್ಲೇ ಹುರಿದ ಪುಡಿಯಿಂದ. 4–5 ಜನರಿಗೆ.
ಕೈಕೆಲಸ 45 ನಿಮಿಷ, ಒಟ್ಟು 1 ಗಂಟೆ 15 ನಿಮಿಷ.

ಅಳತೆ: 1 ಬಟ್ಟಲು = 240 ಮಿ.ಲೀ., ದೊಡ್ಡ ಚಮಚ = 15 ಮಿ.ಲೀ., ಚಿಕ್ಕ ಚಮಚ = 5 ಮಿ.ಲೀ. (ಎಲ್ಲವೂ ಸಪಾಟಾಗಿ)

ಕುಕ್ಕರಿಗೆ
ಸೋನಾಮಸೂರಿ ಅಕ್ಕಿ – 1 ಬಟ್ಟಲು (200 ಗ್ರಾಂ)
ತೊಗರಿಬೇಳೆ – ¾ ಬಟ್ಟಲು (150 ಗ್ರಾಂ)
ಅರಿಶಿನ – ¼ ಚಿಕ್ಕ ಚಮಚ
ನೀರು – 5 ಬಟ್ಟಲು

ಪುಡಿಗೆ
ಕೊತ್ತಂಬರಿ ಬೀಜ – 2 ದೊಡ್ಡ ಚಮಚ
ಕಡಲೆಬೇಳೆ – 1 ದೊಡ್ಡ ಚಮಚ
ಉದ್ದಿನಬೇಳೆ – 2 ಚಿಕ್ಕ ಚಮಚ
ಮೆಂತ್ಯ – ¼ ಚಿಕ್ಕ ಚಮಚ
ಬ್ಯಾಡಗಿ ಮೆಣಸಿನಕಾಯಿ – 8
ಚಕ್ಕೆ – 1 ಇಂಚು
ಲವಂಗ – 3
ಮರಾಠಿ ಮೊಗ್ಗು – 1
ಗಸಗಸೆ – 1 ಚಿಕ್ಕ ಚಮಚ (ಬಿಡಬಹುದು)
ಒಣ ಕೊಬ್ಬರಿ, ತುರಿದದ್ದು – 3 ದೊಡ್ಡ ಚಮಚ

ತರಕಾರಿ ಮತ್ತು ಹುಳಿಗೆ
ಬೀನ್ಸ್, ಕ್ಯಾರೆಟ್, ನವಿಲುಕೋಲು, ಬಟಾಣಿ, ಹೆಚ್ಚಿದ ಮೇಲೆ – ಒಟ್ಟು 2 ಬಟ್ಟಲು
ನೀರು – 1½ ಬಟ್ಟಲು
ಹುಣಸೆಹಣ್ಣು, ಬೀಜ ನಾರು ತೆಗೆದದ್ದು – 25 ಗ್ರಾಂ (ನೆನೆಸಲು ಬಿಸಿನೀರು 1 ಬಟ್ಟಲು)
ಬೆಲ್ಲ, ಪುಡಿ ಮಾಡಿದ್ದು – 1 ದೊಡ್ಡ ಚಮಚ
ಪುಡಿ ಉಪ್ಪು – 1 ದೊಡ್ಡ ಚಮಚ
ಹದಕ್ಕೆ ಬಿಸಿನೀರು – 1ರಿಂದ 2 ಬಟ್ಟಲು

ಒಗ್ಗರಣೆಗೆ
ತುಪ್ಪ – 3 ದೊಡ್ಡ ಚಮಚ
ಸಾಸಿವೆ – 1 ಚಿಕ್ಕ ಚಮಚ
ಗೋಡಂಬಿ – 10
ಕರಿಬೇವು – 1 ಕಡ್ಡಿ
ಇಂಗು – ¼ ಚಿಕ್ಕ ಚಮಚ

ಮಾಡುವ ವಿಧಾನ
1. ಅಕ್ಕಿ, ಬೇಳೆ ತೊಳೆದು 20 ನಿಮಿಷ ನೆನೆಸಿ. ಹುಣಸೆಯನ್ನು ಬಿಸಿನೀರಿನಲ್ಲಿ ಬೇರೆಯಾಗಿ ನೆನೆಸಿ.
2. ಅಷ್ಟರಲ್ಲಿ ತರಕಾರಿ ಹೆಚ್ಚಿಟ್ಟು, ಪುಡಿಯ ಸಾಮಾನನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಮೊದಲು ಬೇಳೆಗಳು, ಕೊನೆಗೆ ಗಸಗಸೆ, ಕೊಬ್ಬರಿ. ಕಡಲೆಬೇಳೆ ಕೆಂಪಗಾಗಬೇಕು, ಮೆಂತ್ಯ ಕಪ್ಪಾಗಬಾರದು (ಬಣ್ಣ 02:50ರಲ್ಲಿ ನೋಡಿ). ಆರಿದ ಮೇಲೆ ಪುಡಿ ಮಾಡಿ.
3. ನೆನೆಸಿದ ನೀರು ಬಸಿದು, ಅಕ್ಕಿ, ಬೇಳೆ, ಅರಿಶಿನ, 5 ಬಟ್ಟಲು ನೀರು ಕುಕ್ಕರಿಗೆ ಹಾಕಿ. ಮೊದಲ ಕೂಗಿನ ನಂತರ ಸಣ್ಣ ಉರಿಯಲ್ಲಿ 10 ನಿಮಿಷ (ಸುಮಾರು 4 ಕೂಗು). ಪ್ರೆಷರ್ ತಾನಾಗಿ ಇಳಿಯಲಿ. ಬೇಳೆ ಒತ್ತಿದರೆ ಹಿಟ್ಟಾಗಬೇಕು.
4. ದೊಡ್ಡ ಪಾತ್ರೆಯಲ್ಲಿ 1½ ಬಟ್ಟಲು ನೀರು, ತರಕಾರಿ, ಸ್ವಲ್ಪ ಉಪ್ಪು ಹಾಕಿ 10 ನಿಮಿಷ ಬೇಯಿಸಿ. ತರಕಾರಿ ಬೆಂದ ಮೇಲೆಯೇ ಹುಣಸೆರಸದ ಮುಕ್ಕಾಲು ಪಾಲು, ಬೆಲ್ಲ, ಪುಡಿ ಹಾಕಿ 5 ನಿಮಿಷ ಕುದಿಸಿ.
5. ಬೆಂದ ಅನ್ನಬೇಳೆ, ಉಳಿದ ಉಪ್ಪು ಸೇರಿಸಿ, ಬಿಸಿನೀರು ಬೆರೆಸುತ್ತ ಸಣ್ಣ ಉರಿಯಲ್ಲಿ 10 ನಿಮಿಷ ಕೈಯಾಡಿಸಿ. ರುಚಿ ನೋಡಿ ಉಳಿದ ಹುಣಸೆರಸ ಹಾಕಿ. ಸೌಟಿನಿಂದ ಧಾರೆಯಾಗಿ ಸುರಿಯುವಷ್ಟು ಸಡಿಲವಿದ್ದಾಗ ಇಳಿಸಿ (ಹದ 07:40ರಲ್ಲಿ). ಆರಿದಂತೆ ಗಟ್ಟಿಯಾಗುತ್ತದೆ.
6. ತುಪ್ಪ ಕಾಯಿಸಿ ಸಾಸಿವೆ, ಗೋಡಂಬಿ, ಕರಿಬೇವು, ಇಂಗಿನ ಒಗ್ಗರಣೆ ಹಾಕಿ.

ಕರೆಂಟ್ ಕುಕ್ಕರಿನಲ್ಲಿ: ಅಕ್ಕಿ, ಬೇಳೆಯನ್ನು ಮಾತ್ರ 4 ಬಟ್ಟಲು ನೀರಿನಲ್ಲಿ ಹೈ ಪ್ರೆಷರ್‌ನಲ್ಲಿ 12 ನಿಮಿಷ ಬೇಯಿಸಿ, ಪ್ರೆಷರ್ ತಾನಾಗಿ ಇಳಿಯಲಿ. ಹುಣಸೆ ಆಮೇಲೆ. ಅಕ್ಕಿಯನ್ನೂ ನೀರನ್ನೂ ಒಂದೇ ಬಟ್ಟಲಿನಲ್ಲಿ ಅಳೆಯಿರಿ.

ವಿಡಿಯೊದಲ್ಲಿ
00:00 ಸಿದ್ಧವಾದ ಬಿಸಿಬೇಳೆಬಾತ್
00:35 ಅಳತೆ, ನೆನೆಸುವುದು
02:00 ಪುಡಿ ಹುರಿಯುವುದು
04:15 ಕುಕ್ಕರಿಗೆ ಇಡುವುದು
05:30 ತರಕಾರಿ, ಹುಣಸೆ
07:10 ಬೆರೆಸುವುದು, ಹದ
08:40 ಒಗ್ಗರಣೆ

ಇದರಲ್ಲಿ ಗಸಗಸೆಯ ಪಕ್ಕ "ಬಿಡಬಹುದು" ಎಂದು ಬರೆದದ್ದು ಸುಮ್ಮನೆ ಅಲ್ಲ. ಯುಎಇ, ಸೌದಿ ಅರೇಬಿಯಾಗಳಲ್ಲಿ ಗಸಗಸೆ ನಿಷಿದ್ಧ. ಊರಿನಿಂದ ಬರುವಾಗ ಚೀಲದಲ್ಲಿ ತಂದರೆ ವಿಮಾನ ನಿಲ್ದಾಣದಲ್ಲೇ ತೊಂದರೆ. ನಿಮ್ಮ ವಿಡಿಯೊ ನೋಡುವವರು ಅಲ್ಲೂ ಇದ್ದಾರಲ್ಲ. ಬಿಟ್ಟರೆ ಅಡುಗೆ ಕೆಡುವ ಸಾಮಾನು ಯಾವುದು, ಬಿಟ್ಟರೂ ನಡೆಯುವುದು ಯಾವುದು ಎಂದು ನಿಮಗೆ ಗೊತ್ತಿರುತ್ತದೆ, ಓದುವವರಿಗೆ ಗೊತ್ತಿರುವುದಿಲ್ಲ. ಇಂಗಿಗೂ ಒಂದು ಮಾತು ಸೇರಿಸಬಹುದು. ಅಂಗಡಿಯ ಇಂಗಿನಪುಡಿಯಲ್ಲಿ ಗೋಧಿಹಿಟ್ಟು ಬೆರೆತಿರುವುದು ಸಾಮಾನ್ಯ. ಗೋಧಿ ಆಗದವರು ಪೊಟ್ಟಣದ ಹಿಂದೆ ಓದಿಕೊಳ್ಳಲಿ.

ಕೊನೆಯಲ್ಲಿ ಬರುವ ಸಮಯದ ಸಾಲುಗಳಿಗೆ ಕೆಲವು ಕಟ್ಟಳೆಗಳಿವೆ. ಮೊದಲನೆಯದು 00:00 ಆಗಿರಲೇಬೇಕು. ಕನಿಷ್ಠ ಮೂರು ಸಾಲು ಇರಬೇಕು, ಕ್ರಮವಾಗಿ ಏರುತ್ತ ಹೋಗಬೇಕು, ಒಂದೊಂದು ಭಾಗ ಹತ್ತು ಸೆಕೆಂಡಿಗೆ ಕಡಿಮೆ ಇರಬಾರದು. ಹಾಗಿದ್ದರೆ ವಿಡಿಯೊದ ಕೆಳಗಿನ ಪಟ್ಟಿ ತಾನಾಗಿ ಭಾಗಭಾಗವಾಗಿ ಒಡೆದುಕೊಳ್ಳುತ್ತದೆ, ಸಮಯದ ಮೇಲೆ ಬೆರಳಿಟ್ಟರೆ ನೇರ ಅಲ್ಲಿಗೆ ಹೋಗುತ್ತದೆ. ಅಂಕಿಗಳನ್ನು 0, 1, 2 ಎಂದೇ ಟೈಪ್ ಮಾಡಿ, ಇಲ್ಲಿ ಕನ್ನಡ ಅಂಕಿ ಬೇಡ. ನಾನು ಕೊಟ್ಟಿರುವ ಸಮಯಗಳು ಅಂದಾಜು, ನಿಮ್ಮ ವಿಡಿಯೊ ನೋಡಿ ಸರಿಪಡಿಸಿಕೊಳ್ಳಿ. < ಮತ್ತು > ಚಿಹ್ನೆಗಳನ್ನು ಡಿಸ್ಕ್ರಿಪ್ಷನ್ ಒಪ್ಪುವುದಿಲ್ಲ, ಅಲಂಕಾರಕ್ಕೂ ಹಾಕಬೇಡಿ. ಉದ್ದಕ್ಕೂ 5000ದ ಮಿತಿಯಿದೆ. ಕನ್ನಡದಲ್ಲಿ ಗುಣಿತ, ಒತ್ತುಗಳೆಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುವುದರಿಂದ ಕಣ್ಣಿಗೆ ಕಾಣುವುದಕ್ಕಿಂತ ಬೇಗ ತುಂಬುತ್ತದೆ. ಜಾಗ ಸಾಲದಿದ್ದರೆ ಮೊದಲು ತೆಗೆಯಬೇಕಾದದ್ದು ಹ್ಯಾಷ್‌ಟ್ಯಾಗ್‌ಗಳ ರಾಶಿ, ಆಮೇಲೆ ಬೇರೆ ವಿಡಿಯೊಗಳ ಕೊಂಡಿಗಳು.

ಇನ್ನು ನಿಮ್ಮ ಮಗಳ ಪ್ರಶ್ನೆ. ಎಲ್ಲ ಬರೆದರೆ ವಿಡಿಯೊ ಯಾರು ನೋಡ್ತಾರೆ? ಓದಿಕೊಂಡೇ ಹೊರಟುಹೋಗುವವರು ಕೆಲವರು ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಮೆಂತ್ಯ ಹುರಿದು ಗೊತ್ತಿದ್ದವರಿಗೆ ಪಟ್ಟಿಯಷ್ಟೇ ಸಾಕು, ಅವರು ವಿಡಿಯೊವನ್ನೂ ಓಡಿಸಿ ಓಡಿಸಿಯೇ ನೋಡುತ್ತಿದ್ದರು. ಆದರೆ ಎರಡನೇ, ಐದನೇ ಹಂತಗಳಲ್ಲಿ ನಾನಿಟ್ಟ ಸಮಯಗಳನ್ನು ಗಮನಿಸಿ, ಅಂದರೆ 02:50ರ ಬಣ್ಣ, 07:40ರ ಹದ. ಅಂಕಿಯಲ್ಲಿ ಹೇಳಲಾಗುವುದನ್ನು ಬರಹಕ್ಕೆ ಕೊಟ್ಟು, ಕಣ್ಣಿಂದಲೇ ತಿಳಿಯಬೇಕಾದದ್ದನ್ನು ವಿಡಿಯೊದಲ್ಲೇ ಉಳಿಸಿ, ಅಲ್ಲಿಗೆ ದಾರಿ ತೋರಿಸಿದೆ. ಕಡಲೆಬೇಳೆಯ ಕೆಂಪು ಎಂದರೆ ಎಷ್ಟು ಕೆಂಪು ಎಂದು ಯಾವ ಬರಹಗಾರರೂ ಬರೆದು ಮುಗಿಸಲಾರರು. ಮೊದಲ ಸಲ ಮಾಡುವವಳು ಅದನ್ನು ನೋಡಲು ಬಂದೇ ಬರುತ್ತಾಳೆ. ಅಳತೆಗಳನ್ನು ಬಚ್ಚಿಟ್ಟು ಪೂರ್ತಿ ನೋಡಿಸುವುದಾದರೆ, ಅನ್ನ ನೀರಾದವಳು ಇನ್ನೊಮ್ಮೆ ನಿಮ್ಮ ಚಾನೆಲಿಗೆ ಬರುವ ಭರವಸೆ ನನಗಂತೂ ಇಲ್ಲ.

ಬರೆದಾದ ಮೇಲೆ ಒಂದು ಪರೀಕ್ಷೆ ಮಾಡಿ. ಡಿಸ್ಕ್ರಿಪ್ಷನ್ನನ್ನು ಮಾತ್ರ ನಕಲು ಮಾಡಿ, ನಿಮ್ಮ ವಿಡಿಯೊ ನೋಡದ ಯಾರಿಗಾದರೂ ಕಳಿಸಿ, ಅಷ್ಟನ್ನೇ ಓದಿ ಮಾಡಲಿ. ನಾದಿನಿಯೋ, ಹಾಸ್ಟೆಲಿನಿಂದ ಈಚೆಗೆ ಬಾಡಿಗೆ ಮನೆಗೆ ಹೋದ ಹುಡುಗನೋ ಆದರೆ ಒಳ್ಳೆಯದು, ನಿಮ್ಮಷ್ಟೇ ಅಡುಗೆ ಬಲ್ಲವರು ಬೇಡ. ಅವರು ನಡುವೆ ಫೋನ್ ಮಾಡಿ ಕೇಳಿದ ಒಂದೊಂದು ಪ್ರಶ್ನೆಯೂ ನೀವು ಬಿಟ್ಟ ಒಂದೊಂದು ಸಾಲು. ವಿಡಿಯೊದಲ್ಲಿ ನೀವು ಹೇಳಿದ ಅಳತೆಗೂ ತಕ್ಕಡಿ ಹೇಳಿದ ಅಳತೆಗೂ ವ್ಯತ್ಯಾಸ ಕಂಡರೆ ಗಾಬರಿ ಬೇಡ. "ವಿಡಿಯೊದಲ್ಲಿ ಉಪ್ಪು 2 ಚಮಚ ಎಂದಿದ್ದೇನೆ, ಇಲ್ಲಿರುವುದೇ ಸರಿ" ಎಂದು ಆ ಸಾಮಾನಿನ ಸಾಲಿನಲ್ಲೇ ಬರೆದುಬಿಡಿ. ಕೆಳಗೆಲ್ಲೋ ಬರೆದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಳೆಯ ವಿಡಿಯೊಗಳನ್ನೆಲ್ಲ ಒಂದೇ ಉಸಿರಿಗೆ ಸರಿಮಾಡಲು ಹೋಗಬೇಡಿ. ಡಿಸ್ಕ್ರಿಪ್ಷನ್ನನ್ನು ಯಾವಾಗ ಬೇಕಾದರೂ ತಿದ್ದಬಹುದು, ವಿಡಿಯೊ ಮತ್ತೆ ಹಾಕಬೇಕಿಲ್ಲ. ಅಳತೆ ತಪ್ಪಿದರೆ ಕೆಟ್ಟೇ ಹೋಗುವಂಥವನ್ನು ಮೊದಲು ಹಿಡಿಯಿರಿ: ಮೈಸೂರು ಪಾಕು, ಹೋಳಿಗೆಯ ಕಣಕ, ನೀರುದೋಸೆಯ ಹಿಟ್ಟು, ಇಡ್ಲಿಗೆ ಅಕ್ಕಿ ಉದ್ದಿನ ಪ್ರಮಾಣ, ಉಪ್ಪಿನಕಾಯಿಯ ಉಪ್ಪು. ಚಿತ್ರಾನ್ನ, ಪಲ್ಯ, ಗೊಜ್ಜುಗಳು ಕಾಯಬಹುದು. ಮೈಸೂರು ಪಾಕಿಗೆ ಕೂರುವಾಗ ಸಕ್ಕರೆ, ಕಡಲೆಹಿಟ್ಟು, ತುಪ್ಪ ಮೂರನ್ನೂ ಗ್ರಾಂನಲ್ಲೇ ತೂಗಿ. ಅದಕ್ಕೆ ಬಟ್ಟಲಿನ ಲೆಕ್ಕ ಸಾಲದು, ಜರಡಿ ಹಿಡಿದ ಕಡಲೆಹಿಟ್ಟಿಗೂ ಒತ್ತಿ ತುಂಬಿದ್ದಕ್ಕೂ ಬಟ್ಟಲಿಗೆ ಬರುವ ತೂಕ ಬೇರೆ ಬೇರೆ.